‘ಹಾಲಿನ ಲೆಕ್ಕ’ ಕಿರುಚಿತ್ರ: ನಮ್ಮ ತಂಡದ ಒಪ್ಪಂದ

ಸಾಗರ, 21 ಡಿಸೆಂಬರ್ 2025

ಇದು ಸುಹಾಸ (ನಾನು, ನಿರ್ಮಾಪಕನೂ ನಿರ್ದೇಶಕನೂ ನಾನೇ) ಮತ್ತು ಈ ಸಿನಿಮಾಕ್ಕೆ ಕೈಜೋಡಿಸುತ್ತಿರುವ ಎಂಟು ಜನರ ನಡುವಿನ ಒಪ್ಪಂದ. ಗೆಳೆಯರ ಮಧ್ಯೆ ಕಾಗದ ಯಾಕೆ ಅಂತ ಸಂತೋಷ ಕೇಳಿದ. ಗೆಳೆಯರು ಅನ್ನೋ ಕಾರಣಕ್ಕೇ ಯಾರೂ ಬಾಯಿಬಿಟ್ಟು ಕೇಳೋದಿಲ್ಲ, ಅದಕ್ಕೆ. ಇಲ್ಲಿ ಬರೆದದ್ದು ಇಷ್ಟವಾಗದಿದ್ದರೆ ಸಹಿ ಹಾಕೋ ಮುಂಚೆ ಹೇಳಿ, ತಿದ್ದೋಣ.

ಸಂಬಳ ಇಲ್ಲ

ನಿಮ್ಮ ಎಂಟೂ ಜನರಿಗೆ ಈ ಕೆಲಸಕ್ಕೆ ಸಂಬಳ ಇಲ್ಲ. ‘ಮುಂದೆ ನೋಡೋಣ’ ಅಂತಲೂ ನಾನು ಹೇಳುತ್ತಿಲ್ಲ. ನನ್ನ ಹತ್ತಿರ ಇರೋದು 85,000 ರೂಪಾಯಿ, ನನ್ನದೇ ಉಳಿತಾಯ. ಅದು ಲೈಟು, ಲೆನ್ಸು, ಊಟ, ಗಾಡಿ, ಡಿಐ, ಫೆಸ್ಟಿವಲ್ ಎಂಟ್ರಿ ಫೀಸಿಗೆ ಹೋಗುತ್ತದೆ. ಲೈಟ್ ಯೂನಿಟ್ಟಿನ ಹುಡುಗರಿಗೂ ಗಾಡಿ ಡ್ರೈವರಿಗೂ ದಿನದ ಬಾಟಾ ಕೊಡುತ್ತೇನೆ, ಯಾಕೆಂದರೆ ಅವರು ನಮ್ಮ ಸ್ನೇಹಕ್ಕೆ ಬರುತ್ತಿಲ್ಲ, ಹೊಟ್ಟೆಪಾಡಿಗೆ ಬರುತ್ತಿದ್ದಾರೆ. ಆಮೇಲೆ ಸೆಟ್ಟಿನಲ್ಲಿ ಗೊತ್ತಾಗಿ ಬೇಜಾರಾಗೋದು ಬೇಡ ಅಂತ ಈಗಲೇ ಹೇಳಿದ್ದೇನೆ. ಖರ್ಚಿನ ಶೀಟು ಎಲ್ಲರಿಗೂ ತೆರೆದಿರುತ್ತದೆ.

ನೀವು ಬಸ್ಸಿಗೆ, ಪೆಟ್ರೋಲಿಗೆ ಹಾಕಿದ ದುಡ್ಡನ್ನು ಅದೇ ವಾರ ವಾಪಸ್ ಕೊಡುತ್ತೇನೆ. ತಿಂಡಿ, ಊಟ, ಕಾಫಿ, ದೀಪಾಳ ಅಜ್ಜಿ ಮನೆಯಲ್ಲಿ ಉಳಿಯೋ ವ್ಯವಸ್ಥೆ ನನ್ನದು.

ಎಷ್ಟು ದಿನ, ಎಷ್ಟು ಹೊತ್ತು

ಶೂಟಿಂಗ್ ನಾಲ್ಕು ದಿನ: ಜನವರಿ 3, 4, 10, 11. ಮಂಜು ಇರುವಾಗಲೇ ಹಾಲು ಕರೆಯೋ ದೃಶ್ಯ ತೆಗೀಬೇಕು, ಹಾಗಾಗಿ ಬೆಳಿಗ್ಗೆ 5:30ಕ್ಕೆ ಸೆಟ್ಟಿನಲ್ಲಿರಬೇಕು. ಆದರೆ ಸಂಜೆ 4:30ಕ್ಕೆ ಪ್ಯಾಕಪ್. ಒಂದೇ ಒಂದು ಶಾಟ್ ಬಾಕಿ ಇದೆ ಅಂತ ನಾನು ಗೋಗರೆದರೂ ‘ಆಗಲ್ಲ’ ಅನ್ನೋ ಅಧಿಕಾರ ಮೇಘನಾಗೆ ಇದೆ, ಅವಳ ಮಾತೇ ಕೊನೆ. ರಾತ್ರಿ ಶೂಟ್ ಇರೋದು ಒಂದೇ ದಿನ, 10ರಂದು. ಅವತ್ತು ಮಧ್ಯಾಹ್ನ 1ಕ್ಕೆ ಶುರು, ರಾತ್ರಿ 11ಕ್ಕೆ ಮುಗಿತಾಯ, ಪೇಟೆಗೆ ಹೋಗುವವರನ್ನು ಮನೆ ಬಾಗಿಲ ತನಕ ಬಿಡೋದು ನನ್ನ ಜವಾಬ್ದಾರಿ. ಮರುದಿನ 11ರಂದು ಮಾತ್ರ ಬೆಳಿಗ್ಗೆ 9:30ಕ್ಕೆ ಬಂದರೆ ಸಾಕು.

ಈ ದಿನಗಳನ್ನು ಧನುರ್ಮಾಸದಲ್ಲೇ ಇಟ್ಟಿರೋದು ಅನುಷಾಗೋಸ್ಕರ. ಸಂಕ್ರಾಂತಿ ಕಳೆದ ಮೇಲೆ ಮದುವೆ ಸೀಸನ್ ಶುರು, ಅವಳ ದುಡಿಮೆ ಅದೇ. ಶೂಟಿಂಗ್ ಬಾಕಿ ಉಳಿದರೆ 17ಕ್ಕೆ ಕೇಳುತ್ತೇನೆ. ಅವತ್ತು ಮದುವೆ ಆರ್ಡರ್ ಇದ್ದರೆ ಅವಳು ಬರಬೇಕಾಗಿಲ್ಲ, ಮುಖ ಸಿಂಡರಿಸೋದೂ ಇಲ್ಲ. ಈ ಮಾತು ಎಲ್ಲರಿಗೂ ಅನ್ವಯ: ದುಡ್ಡು ಬರುವ ಕೆಲಸ ಸಿಕ್ಕರೆ ಹೋಗಬಹುದು, ಮೂರು ದಿನ ಮುಂಚೆ ತಿಳಿಸಿದರೆ ಸಾಕು.

ಯಾರು ಏನು ಮಾಡೋದು

ಕ್ಯಾಮೆರಾ ಅನುಷಾ. ಫ್ರೇಮು, ಲೈಟು ಅವಳ ನಿರ್ಧಾರ, ನಾನು ಮಾನಿಟರ್ ನೋಡಿ ಮಾತಾಡಬಹುದು, ಕ್ಯಾಮೆರಾ ಮುಟ್ಟೋ ಹಾಗಿಲ್ಲ. ಲೊಕೇಶನ್ ಸೌಂಡ್ ಪ್ರವೀಣ. ಸೌಂಡ್ ಸರಿಯಿಲ್ಲ ಅಂದರೆ ಟೇಕ್ ಮತ್ತೆ ತೆಗೀತೇವೆ, ‘ಡಬ್ಬಿಂಗಲ್ಲಿ ನೋಡ್ಕೊಳ್ಳೋಣ’ ಅನ್ನೋದಿಲ್ಲ. ಮೇಘನಾ ಸಹ ನಿರ್ದೇಶಕಿ, ಕಂಟಿನ್ಯುಟಿಯೂ ಅವಳದೇ, ಜತೆಗೆ ನಮ್ಮ ಕಡೆ ಭಾಷೆಗೆ ಸಂಭಾಷಣೆ ತಿದ್ದಿ ಬರೆದವಳು. ದೀಪಾ ಕಲೆ ಮತ್ತು ಬಟ್ಟೆ. ಸಂತೋಷ ಪ್ರೊಡಕ್ಷನ್: ಊಟ, ಗಾಡಿ, ಪಕ್ಕದ ಮನೆಯವರ ಹಸು. ಹಸು ಸುಸ್ತಾದರೆ ಶೂಟ್ ನಿಲ್ಲಿಸೋದೂ ಅವನೇ. ಪಾತ್ರಗಳಲ್ಲಿ ಗಣಪತಣ್ಣ ಮತ್ತು ಅರುಣಾ.

ಒಬ್ಬರ ಕೆಲಸ ಇನ್ನೊಬ್ಬರ ಮೇಲೆ ಬೀಳೋದು ಸಣ್ಣ ತಂಡದಲ್ಲಿ ಮಾಮೂಲು. ಸ್ಟ್ಯಾಂಡ್ ಹಿಡಿ ಅಂದರೆ ಯಾರಾದರೂ ಹಿಡೀತಾರೆ. ಆದರೆ ದೀಪಾ, ಅರುಣಾ ಹೆಂಗಸರು ಅಂತ ಅಡುಗೆಮನೆ ಕೆಲಸ ಅವರ ಪಾಲಿಗೆ ಬರಕೂಡದು. ಪಾತ್ರೆ ತೊಳೆಯೋದು ಸರದಿ ಪ್ರಕಾರ, ಮೊದಲ ದಿನ ನನ್ನದು.

ಸಂಕಲನ ನವೀನ. ಬಿಟ್ಟಿ ಕೆಲಸ ಕೊನೆಯಿಲ್ಲದೆ ಎಳೆಯೋದು ಇಲ್ಲೇ. ಶೂಟಿಂಗ್ ನಾಲ್ಕು ದಿನಕ್ಕೆ ಮುಗಿಯುತ್ತದೆ, ಎಡಿಟಿಂಗು ತಿಂಗಳುಗಟ್ಟಲೆ ಹೋಗುತ್ತದೆ, ‘ಆ ಕಟ್ ಎರಡು ಫ್ರೇಮ್ ಹಿಂದಕ್ಕೆ’ ಅಂತ ರಾತ್ರಿ ಹನ್ನೊಂದಕ್ಕೆ ಮೆಸೇಜು ಬರುತ್ತಲೇ ಇರುತ್ತದೆ. ಹಾಗಾಗಿ ಒಂದು ರಫ್ ಕಟ್, ಆಮೇಲೆ ಎರಡು ಸುತ್ತು ತಿದ್ದುಪಡಿ. ಪ್ರತಿ ಸುತ್ತಿಗೂ ನನ್ನ ಟಿಪ್ಪಣಿ ಒಂದೇ ಪಟ್ಟಿಯಲ್ಲಿ, ಒಂದೇ ಸಲ. ಮಾರ್ಚ್ 31ರ ನಂತರವೂ ಬದಲಾವಣೆ ಬೇಕಾದರೆ ನವೀನ ಬೇಡ ಅನ್ನಬಹುದು, ಅಥವಾ ದಿನಕ್ಕೆ 1,500 ರೂಪಾಯಿ ತಗೊಳ್ಳಬಹುದು. ಫೂಟೇಜಿನ ಎರಡು ಕಾಪಿ ಎರಡು ಹಾರ್ಡ್ ಡಿಸ್ಕಿನಲ್ಲಿ, ಒಂದು ಅವನ ಹತ್ತಿರ, ಇನ್ನೊಂದು ನನ್ನ ಹತ್ತಿರ.

ಹೆಸರು

ಟೈಟಲ್ ಕಾರ್ಡ್ ಈಗಲೇ ನಿಗದಿ. ಶುರುವಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು: ಗಣಪತಣ್ಣ, ಅರುಣಾ, ಛಾಯಾಗ್ರಹಣ ಅನುಷಾ, ಧ್ವನಿ ಪ್ರವೀಣ, ಸಂಕಲನ ನವೀನ, ಕಲೆ ಮತ್ತು ವಸ್ತ್ರ ದೀಪಾ, ನಿರ್ಮಾಣ ನಿರ್ವಹಣೆ ಸಂತೋಷ, ಸಹ ನಿರ್ದೇಶನ ಮೇಘನಾ, ಸಂಭಾಷಣೆ ಮೇಘನಾ, ಸುಹಾಸ (ಅವಳ ಹೆಸರು ಮೊದಲು), ಕೊನೆಗೆ ನಾನು. ‘ಎ ಫಿಲಂ ಬೈ’ ಅಂತ ನನ್ನ ಹೆಸರು ಹಾಕೋದಿಲ್ಲ. ಅಜ್ಜಿ, ಹಸುವಿನ ಮನೆಯವರು, ಲೈಟ್ ಹುಡುಗರ ಹೆಸರು ರೋಲಿಂಗ್ ಟೈಟಲ್ಲಿನಲ್ಲಿ. ಹೆಸರಿನ ಕಾಗುಣಿತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನೀವೇ ಬರೆದುಕೊಡಿ.

ಮಧ್ಯದಲ್ಲಿ ಬಿಟ್ಟು ಹೋದರೂ ಎರಡು ದಿನ ಕೆಲಸ ಮಾಡಿದ್ದರೆ ಹೆಸರು ಅದೇ ಕಾರ್ಡಿನಲ್ಲಿ ಉಳಿಯುತ್ತದೆ, ಬದಲಿಗೆ ಬಂದವರ ಹೆಸರು ಜತೆಗೆ ಸೇರುತ್ತದೆ. ನಮ್ಮಿಬ್ಬರ ಮಧ್ಯೆ ಜಗಳವಾದರೂ ಹೆಸರು ತೆಗೆಯೋದಿಲ್ಲ. ಪೋಸ್ಟರಿನಲ್ಲೂ ಎಲ್ಲ ಒಂಬತ್ತು ಹೆಸರು. ಕ್ಯಾಮೆರಾಗೋ ನಟನೆಗೋ ಪ್ರಶಸ್ತಿ ಬಂದರೆ ಟ್ರೋಫಿ, ದುಡ್ಡು ಎರಡೂ ಅವರದು.

ಹಕ್ಕು, ದುಡ್ಡು ಬಂದರೆ

1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಿನಿಮಾದ ಹಕ್ಕು ನಿರ್ಮಾಪಕನದು, ಅಂದರೆ ನನ್ನದು. ಸಂಭಾಷಣೆ ಮಾತ್ರ ಮೇಘನಾ ಬರಹ, ಅದನ್ನು ಅವಳು ಈ ಸಿನಿಮಾಕ್ಕೆ ಮಾತ್ರ, ಇಡೀ ಪ್ರಪಂಚಕ್ಕೆ, ಹಕ್ಕಿನ ಪೂರ್ತಿ ಅವಧಿಗೆ ಬರೆದುಕೊಡುತ್ತಿದ್ದಾಳೆ. ಇಷ್ಟು ಬಿಡಿಸಿ ಬರೆಯಲು ಕಾರಣ ಇದೆ: ಬರೆಯದಿದ್ದರೆ ಕಾನೂನು ಅದನ್ನು ಐದು ವರ್ಷ ಮತ್ತು ಭಾರತ ಅಂತಷ್ಟೇ ಲೆಕ್ಕ ಹಿಡಿಯುತ್ತದೆ. ಕಾನೂನು ಬರಹಗಾರರಿಗೆ, ನಟರಿಗೆ ಕೊಟ್ಟಿರುವ ರಾಯಲ್ಟಿ ಹಕ್ಕಿಗೆ ಈ ಕಾಗದ ಅಡ್ಡ ಬರೋದಿಲ್ಲ. ಇದೇ ಕತೆ ದೊಡ್ಡ ಸಿನಿಮಾ ಆದರೆ ಮೇಘನಾ ಜತೆ ಹೊಸದಾಗಿ ಮಾತು. ಫೂಟೇಜನ್ನು ಜಾಹೀರಾತಿಗೋ ಬೇರೆ ಸಿನಿಮಾಕ್ಕೋ ಬಳಸಬೇಕಾದರೆ ಅದರಲ್ಲಿ ಕಾಣಿಸುವವರನ್ನೂ ಅನುಷಾನನ್ನೂ ಕೇಳಿಯೇ ಬಳಸುತ್ತೇನೆ.

ಸಿನಿಮಾಕ್ಕೆ ಬಹುಮಾನವೋ ಮಾರಾಟದ ದುಡ್ಡೋ ಬಂದರೆ ಮೊದಲು ನನ್ನ 85,000 ವಾಪಸ್. ಉಳಿದದ್ದರಲ್ಲಿ ಶೇ. 60 ನಿಮ್ಮ ಎಂಟು ಜನರಿಗೆ ಸಮಪಾಲು, 40 ನನಗೆ. ಉದಾಹರಣೆಗೆ 1,25,000 ಬಂದರೆ ಖರ್ಚು ಕಳೆದು 40,000, ಅದರಲ್ಲಿ ನಿಮ್ಮದು 24,000, ತಲೆಗೆ 3,000. ಕಿರುಚಿತ್ರಕ್ಕೆ ಇಷ್ಟು ಬರೋದೇ ಅಪರೂಪ, ಆಸೆ ಇಟ್ಟುಕೊಳ್ಳಬೇಡಿ. ದುಡ್ಡು ಕೈಗೆ ಬಂದ 30 ದಿನದಲ್ಲಿ ಹಂಚುತ್ತೇನೆ.

ಎಲ್ಲರಿಗೂ ಫೈನಲ್ ಕಾಪಿ ಸಿಗುತ್ತದೆ. ಶೋರೀಲಿಗೆ ನಿಮ್ಮ ಕೆಲಸದ ತುಣುಕು ಬಳಸಿಕೊಳ್ಳಿ, ಆದರೆ ಮೊದಲ ಫೆಸ್ಟಿವಲ್ ಪ್ರದರ್ಶನ ಆಗಲಿ, ಅಥವಾ 2027ರ ಜನವರಿ 1 ಬರಲಿ, ಯಾವುದು ಮೊದಲೋ ಅದು. ಎಷ್ಟೋ ಫೆಸ್ಟಿವಲ್ಲುಗಳು ಆನ್‌ಲೈನಿನಲ್ಲಿ ಬಂದ ಸಿನಿಮಾ ತಗೊಳ್ಳೋದಿಲ್ಲ. ಸೆಟ್ಟಿನ ಫೋಟೋ ಹಾಕಬಹುದು, ಗಣಪತಣ್ಣನ ಮೇಕಪ್ ಫೋಟೋ ಅವರನ್ನು ಕೇಳಿ ಹಾಕಿ.

ಪೆಟ್ಟು, ಹಾನಿ, ತಕರಾರು

ಸೆಟ್ಟಿನಲ್ಲಿ ಯಾರಿಗೆ ಏಟಾದರೂ ಆಸ್ಪತ್ರೆ ಖರ್ಚು ನನ್ನದು. ಅನುಷಾ ಕ್ಯಾಮೆರಾ, ಪ್ರವೀಣನ ರೆಕಾರ್ಡರ್ ಅವರವರ ಸ್ವಂತದ್ದು. ಶೂಟಿಂಗಿನಲ್ಲಿ ಕೆಟ್ಟರೆ ರಿಪೇರಿ ನಾನು ಮಾಡಿಸುತ್ತೇನೆ, ಯಾರು ಬೀಳಿಸಿದರು ಅನ್ನೋ ವಿಚಾರಣೆ ಇಲ್ಲ. ಯಾರಾದರೂ ಅಸಹ್ಯವಾಗಿ ನಡೆದುಕೊಂಡರೆ ಅರುಣಾಗೋ ಸಂತೋಷನಿಗೋ ಹೇಳಿ, ಅಂಥವರು ಅವತ್ತೇ ಮನೆಗೆ. ಅದು ನಾನೇ ಆದರೂ ಶೂಟಿಂಗ್ ನಿಲ್ಲುತ್ತದೆ.

ತಕರಾರು ಬಂದರೆ ಮೊದಲು ಎದುರಾಬದುರು ಕೂತು ಮಾತು, ಗ್ರೂಪಿನಲ್ಲಿ ಬೇಡ. ಬಗೆಹರಿಯದಿದ್ದರೆ ಗಣಪತಣ್ಣ ಹೇಳಿದಂತೆ. ಅವರದೇ ತಕರಾರಾದರೆ ಮೇಘನಾ ಹೇಳಿದಂತೆ. ಇದರಲ್ಲಿ ಏನು ಬದಲಾದರೂ ಒಂಬತ್ತೂ ಜನ ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ ಲೆಕ್ಕಕ್ಕೆ.

ಓದಿ, ಒಪ್ಪಿ ಸಹಿ ಮಾಡಿದವರು: ಸುಹಾಸ, ಅನುಷಾ, ಪ್ರವೀಣ, ಮೇಘನಾ, ದೀಪಾ, ಸಂತೋಷ, ನವೀನ, ಅರುಣಾ, ಗಣಪತಣ್ಣ. ಒಬ್ಬೊಬ್ಬರಿಗೆ ಒಂದೊಂದು ಪ್ರತಿ.