ಬಾಕಿ ರಿಪೇರಿಗಳ ಬಗ್ಗೆ: ಮಳೆ ಹಿಡಿಯುವ ಮೊದಲು

ಬಿಜೈ, ಮಂಗಳೂರು
2 ಮೇ 2025

ಸದಾಶಿವಣ್ಣನವರಿಗೆ,

ನಮಸ್ಕಾರ. ನಿನ್ನೆ ಸಂಜೆ ಆಫೀಸಿನ ಕಂಪ್ಲೇಂಟ್ ಪುಸ್ತಕ ತೆಗೆದು ಕಳೆದ ಮಳೆಗಾಲದಿಂದ ಇಲ್ಲಿಯವರೆಗೆ ಬರೆದದ್ದನ್ನೆಲ್ಲ ಓದಿದೆ. ಅರ್ಧಕ್ಕರ್ಧ ಕಂಪ್ಲೇಂಟ್‌ಗಳ ಎದುರು "ನೋಡಲಾಗಿದೆ" ಅಂತ ಬರೆದು ಸಹಿ ಹಾಕಿದ್ದೀರಿ. ನೋಡಿದ್ದು ನಿಜವೇ. ಆದರೆ ಜನ ಬಂದು ನೋಡಿ ಹೋದರೆ ರಿಪೇರಿ ಆದ ಹಾಗೆ ಅಲ್ಲ ಅಲ್ವಾ? ಹಾಗಾಗಿ ನಿಜವಾಗಿ ಬಾಕಿ ಇರುವುದನ್ನು ತಾರೀಕು ಸಮೇತ ಇಲ್ಲಿ ಬರೆಯುತ್ತಿದ್ದೇನೆ. ಮಳೆಗೆ ಇನ್ನು ಒಂದು ತಿಂಗಳು, ಅಷ್ಟೂ ಇರಲಿಕ್ಕಿಲ್ಲ.

ಮೊದಲು ಟೆರೇಸ್. 502ರವರು 14 ಜುಲೈ 2024ಕ್ಕೆ ಮೊದಲ ಸಲ ಬರೆದಿದ್ದಾರೆ, ಮತ್ತೆ ಸೆಪ್ಟೆಂಬರ್ 3ಕ್ಕೆ. ಆಗ ನೀವು, ಮಳೆಯಲ್ಲಿ ವಾಟರ್‌ಪ್ರೂಫಿಂಗ್ ಮಾಡ್ಲಿಕ್ಕಾಗುವುದಿಲ್ಲ, ಡಿಸೆಂಬರ್‌ನಲ್ಲಿ ಮಾಡಿಸುವ ಅಂದಿರಿ. ಸರಿಯಾದ ಮಾತೇ, ಯಾರೂ ತಕರಾರು ಮಾಡಲಿಲ್ಲ. ಡಿಸೆಂಬರ್ ಹೋಯಿತು. ಜನವರಿ 9ಕ್ಕೆ ಕಂಟ್ರಾಕ್ಟರ್ ಬಂದು ಅಲ್ಲಲ್ಲಿ ಬಡಿದು ನೋಡಿ ಫೋಟೋ ತೆಗೆದು ಹೋದವರು ಕೊಟೇಶನ್ ಕೂಡ ಕಳಿಸಲಿಲ್ಲ. ಮೊನ್ನೆ ನಾನೇ 502ಕ್ಕೆ ಹೋಗಿದ್ದೆ. ಮಕ್ಕಳ ಕೋಣೆಯಲ್ಲಿ ಫ್ಯಾನಿನ ಸುತ್ತ ಕಂದು ಬಣ್ಣದ ವೃತ್ತ, ಪ್ಲಾಸ್ಟರ್ ಉಬ್ಬಿ ನಿಂತಿದೆ, ಬೆರಳು ತಾಗಿಸಿದರೆ ಪುಡಿ ಉದುರುತ್ತದೆ. ಕಳೆದ ವರ್ಷ ಫ್ಯಾನಿನ ರಾಡ್ ಹಿಡಿದು ನೀರು ತೊಟ್ಟಿಕ್ಕಿತ್ತಂತೆ, ಅಂದಿನಿಂದ ಅವರು ಆ ಫ್ಯಾನಿನ ಸ್ವಿಚ್ಚಿಗೆ ಟೇಪ್ ಅಂಟಿಸಿದ್ದಾರೆ. ಈ ಸೆಕೆಯಲ್ಲಿ ಮಕ್ಕಳು ಹಾಲ್‌ನಲ್ಲಿ ಮಲಗುತ್ತಾರೆ.

ಈ ಕೆಲಸ ಎರಡು ದಿನದ್ದಲ್ಲ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸ್ಲ್ಯಾಬ್ ಒಣಗಿರಬೇಕು, ಬಿರುಕು ತುಂಬಿಸಿ ಕೋಟಿಂಗ್ ಹಾಕಬೇಕು, ಅದು ಗಟ್ಟಿಯಾಗಬೇಕು, ಆಮೇಲೆ ಒಂದು ದಿನವಾದರೂ ನೀರು ಕಟ್ಟಿ ನಿಲ್ಲಿಸಿ ಕೆಳಗೆ ಒದ್ದೆಯಾಗುತ್ತದಾ ನೋಡಬೇಕು. ನಡುವೆ ಒಂದು ಗುಡುಗಿನ ಮಳೆ ಬಂದರೆ ಮತ್ತೆ ಮೊದಲಿಂದ. ಅದಕ್ಕೆ ಬರುವ ವಾರವೇ ಶುರುವಾಗಬೇಕು. ಆ ಕಂಟ್ರಾಕ್ಟರ್ ಫೋನ್ ಎತ್ತದಿದ್ದರೆ ಬಿಡಿ, ಬೇರೆಯವರನ್ನು ಕರೆಯಿರಿ.

ಎರಡನೆಯದು ಹಿಂದಿನ ಕಾಂಪೌಂಡ್. 5 ಅಕ್ಟೋಬರ್ 2024ಕ್ಕೆ 102ರವರು ಬರೆದಿದ್ದಾರೆ. ಪುಸ್ತಕದಲ್ಲಿ "ಸಣ್ಣ ಬಿರುಕು" ಅಂತಿದೆ. ಈಗ ಅದು ಸಣ್ಣದಲ್ಲ, ಕೆಂಪು ಕಲ್ಲುಗಳ ನಡುವೆ ನನ್ನ ಹೆಬ್ಬೆರಳು ಹೋಗುತ್ತದೆ, ಗೋಡೆ ನಮ್ಮ ಕಡೆಗೆ ವಾಲಿದ್ದು ಬರಿಗಣ್ಣಿಗೆ ಕಾಣುತ್ತದೆ. ಆಚೆ ಬದಿಯ ಜಾಗ ಎತ್ತರದಲ್ಲಿದೆ, ಮಳೆಗೆ ಆ ಮಣ್ಣು ನೀರು ಕುಡಿದು ಗೋಡೆಯನ್ನು ತಳ್ಳುತ್ತದೆ, ನೀರು ಹೊರಹೋಗಲು ಗೋಡೆಯಲ್ಲಿ ಒಂದು ತೂತೂ ಇಲ್ಲ. ಕಳೆದ ವರ್ಷ ಜೂನ್‌ನಲ್ಲಿ ಉಳ್ಳಾಲದ ಕಡೆ ಕಾಂಪೌಂಡ್ ಗೋಡೆ ಮನೆ ಮೇಲೆ ಬಿದ್ದು ಒಂದೇ ಮನೆಯ ನಾಲ್ವರು ಸತ್ತದ್ದು ನಿಮಗೂ ನೆನಪಿರಬಹುದು. ನಮ್ಮ ಗೋಡೆ ಪಕ್ಕವೇ 102ರ ಬೆಡ್‌ರೂಮ್. ಎಂಜಿನಿಯರ್ ಒಬ್ಬರನ್ನು ಕರೆಸಿ, ಬಿಚ್ಚಿ ಕಟ್ಟಬೇಕಾ, ಹೇಗೆ ಅಂತ ಬರೆದು ತೆಗೆದುಕೊಳ್ಳಿ. ಆಚೆಯವರ ಹತ್ತಿರ ನಾನೂ ಅಧ್ಯಕ್ಷರೂ ಹೋಗಿ ಮಾತಾಡುತ್ತೇವೆ, ಆ ತಲೆಬಿಸಿ ನಿಮಗೆ ಬೇಡ.

ಲಿಫ್ಟ್ ವಿಷಯಕ್ಕೆ ನನಗೆ ನಿಜವಾಗಿ ಸಿಟ್ಟು ಬಂದಿದೆ. ಕರೆಂಟ್ ಹೋದರೆ ಲಿಫ್ಟ್ ತಾನಾಗಿ ಹತ್ತಿರದ ಮಹಡಿಗೆ ಬಂದು ಬಾಗಿಲು ತೆರೆಯಬೇಕು, ಅದಕ್ಕೆಂದೇ ಬ್ಯಾಟರಿ ಇರುವುದು. ಆ ಬ್ಯಾಟರಿ ಸತ್ತಿದೆ ಅಂತ 22 ನವೆಂಬರ್ 2024ಕ್ಕೆ ಕಂಪ್ಲೇಂಟ್ ಆಗಿದೆ. "ಕಂಪನಿಗೆ ಹೇಳಲಾಗಿದೆ." ಮಾರ್ಚ್ 6ಕ್ಕೆ ಮಧ್ಯಾಹ್ನ ಕರೆಂಟ್ ಹೋದಾಗ 403ರ ಅಜ್ಜಿ ಮೀನಿನ ಚೀಲ ಹಿಡಿದುಕೊಂಡು ಎರಡು ಮತ್ತು ಮೂರನೇ ಮಹಡಿಯ ನಡುವೆ ಸಿಕ್ಕಿಹಾಕಿಕೊಂಡರು. ಜನರೇಟರ್ ಶುರು ಮಾಡಲು ವಾಚ್‌ಮನ್‌ಗೆ ಕೀ ಸಿಗಲಿಲ್ಲ. ಒಳಗಿನ ಅಲಾರಂ ಬಟನ್ ಒತ್ತಿದರೆ ಶಬ್ದ ಇಲ್ಲ, ಅಜ್ಜಿ ಬಾಗಿಲು ಬಡಿದದ್ದು ಕೇಳಿಯೇ ಜನ ಓಡಿದ್ದು. ಅವರು ಈಗ ಮೊಣಕಾಲು ನೋವಿದ್ದರೂ ಮೆಟ್ಟಿಲು ಹತ್ತುತ್ತಾರೆ, ಲಿಫ್ಟ್ ಬೇಡವೇ ಬೇಡವಂತೆ. ಲಿಫ್ಟ್ ಕಂಪನಿಗೆ ಈ ವರ್ಷದ ಎಎಂಸಿ ಹಣ ಪೂರ್ತಿ ಕೊಟ್ಟಾಗಿದೆ ಮಾರಾಯ್ರೇ! ಮಳೆಗಾಲದಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಬ್ಯಾಟರಿ, ಅಲಾರಂ ಎರಡೂ ಆಗಬೇಕು. ಜನರೇಟರಿನ ಒಂದು ಕೀ ವಾಚ್‌ಮನ್ ಕೋಣೆಯಲ್ಲಿ ಇವತ್ತಿನಿಂದಲೇ ಇರಲಿ, ಅದಕ್ಕೇನೂ ಖರ್ಚಿಲ್ಲ.

ಸಂಪಿನ ಮುಚ್ಚಳ: 18 ಫೆಬ್ರವರಿ 2025. ಉಪ್ಪು ಗಾಳಿಗೆ ಕಬ್ಬಿಣ ತಿಂದುಹೋಗಿದೆ. ಸದ್ಯಕ್ಕೆ ಪ್ಲೈವುಡ್ ಇಟ್ಟು ಅದರ ಮೇಲೆ ಒಂದು ಹೂಕುಂಡ ಇಟ್ಟಿದ್ದೀರಿ. ರಜೆ ಶುರುವಾಗಿ ಮಕ್ಕಳು ಇಡೀ ದಿನ ಅಲ್ಲೇ ಕ್ರಿಕೆಟ್ ಆಡುತ್ತಾರೆ. ಇದಕ್ಕೆ ಕೊಟೇಶನ್, ಮೀಟಿಂಗ್ ಏನೂ ಬೇಡ, ನಾಳೆಯೇ ಅಳತೆ ಕೊಟ್ಟು ಬೀಗ ಹಾಕಲಿಕ್ಕೆ ಆಗುವಂಥ ಮುಚ್ಚಳ ಮಾಡಿಸಿ.

ಮೇಲಿನ ಟ್ಯಾಂಕಿನ ಫ್ಲೋಟ್ ಹಾಳಾಗಿದೆ ಅಂತ ಮಾರ್ಚ್ 30ಕ್ಕೆ ನಾನೇ ಬರೆದದ್ದು. ಬೆಳಿಗ್ಗೆ ಮೋಟರ್ ಹಾಕಿ ಮರೆತರೆ ನೀರು ಟೆರೇಸ್ ಮೇಲೆ ಹರಿಯುತ್ತದೆ, ಅದೇ 502ರ ಮೇಲೆ. ಒಂದು ಕಡೆ ಟ್ಯಾಂಕರ್‌ಗೆ ಹಣ ಕೊಡುವುದು, ಇನ್ನೊಂದು ಕಡೆ ನೀರು ಚೆಲ್ಲುವುದು. ಫ್ಲೋಟ್‌ಗೆ ಎಷ್ಟಾಗುತ್ತದೆ ಅಂತ!

ತೆಂಗಿನಮರದ ವಿಷಯ ಮಾರ್ಚ್ 20ರದ್ದು. ಪಾರ್ಕಿಂಗ್ ಮೇಲೆ ಬಾಗಿದ ಎರಡು ಮರಗಳಲ್ಲಿ ಕಾಯಿ, ಒಣ ಮಡಲು ತುಂಬಿವೆ. 201ರವರ ಕಾರಿನ ಬಾನೆಟ್ ನೋಡಿದ್ದೀರಲ್ಲ. ಗಾಳಿ ಮಳೆಗೆ ಮೊದಲು ಒಮ್ಮೆ ಮರ ಹತ್ತುವವರನ್ನು ಕರೆಸಿ ಪೂರ್ತಿ ಖಾಲಿ ಮಾಡಿಸಿ. ಅವರು ಸಿಗುವುದು ಕಷ್ಟ ಅಂತ ಗೊತ್ತು, ಅದಕ್ಕೇ ಈಗಲೇ ಹೇಳಿಡುವುದು.

ಉಳಿದದ್ದು ಚಿಲ್ಲರೆ. ಟೆರೇಸಿಂದ ಇಳಿಯುವ ಪೈಪಿನ ಕ್ಲಾಂಪ್ (27 ಸೆಪ್ಟೆಂಬರ್ 2024), ಪಾರ್ಕಿಂಗಿನ ಮೂರು ಲೈಟ್ (11 ಏಪ್ರಿಲ್ 2025), ಗೇಟಿನ ಚಕ್ರ (15 ಏಪ್ರಿಲ್ 2025). ಪೈಪಿನ ಕ್ಲಾಂಪನ್ನು ಟೆರೇಸ್ ಕೆಲಸದವರ ಹತ್ತಿರವೇ ಮಾಡಿಸಬಹುದು. ಇಂಟರ್‌ಕಾಮ್ ಸದ್ಯಕ್ಕೆ ಬಿಡಿ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ.

ಹಣದ ಬಗ್ಗೆ: 25 ಸಾವಿರದವರೆಗಿನ ಕೆಲಸಕ್ಕೆ ನೀವು ಯಾರನ್ನೂ ಕೇಳಬೇಕಾಗಿಲ್ಲ, ಕಳೆದ ಸಭೆಯಲ್ಲೇ ತೀರ್ಮಾನ ಆಗಿದೆ, ಬಿಲ್ ಇದ್ದರೆ ಸಾಕು. ಟೆರೇಸ್ ಮತ್ತು ಗೋಡೆಗೆ ಮಾತ್ರ ಎರಡೆರಡು ಕೊಟೇಶನ್ ಬೇಕು. 11 ಮೇ, ಭಾನುವಾರ ಬೆಳಿಗ್ಗೆ 10ಕ್ಕೆ ಕಮಿಟಿ ಸೇರುತ್ತದೆ, ಕೊಟೇಶನ್ ಹಿಡಿದುಕೊಂಡು ನೀವೂ ಬನ್ನಿ, ಅಲ್ಲೇ ಚೆಕ್ ಬರೆಯುತ್ತೇವೆ.

ಇನ್ನು ಮುಂದೆ ಪುಸ್ತಕದಲ್ಲಿ "ನೋಡಲಾಗಿದೆ" ಬೇಡ. ಯಾರು ಬಂದರು, ಏನು ಮಾಡಿದರು, ಮುಂದೆ ಯಾವಾಗ ಬರುತ್ತಾರೆ ಅಂತ ಬರೆಯಿರಿ. ಕೆಲಸ ಮುಗಿದ ಮೇಲೆ ಕಂಪ್ಲೇಂಟ್ ಕೊಟ್ಟ ಮನೆಯವರದ್ದೇ ಸಹಿ ತೆಗೆದುಕೊಳ್ಳಿ. ನಿಮಗೂ ಅದು ಒಳ್ಳೆಯದು, ನಾಳೆ ಯಾರಾದರೂ ಸುಮ್ನೆ ನಿಮ್ಮ ಮೇಲೆ ಹಾರಿದರೆ ತೋರಿಸಲಿಕ್ಕೆ ಆಗುತ್ತದೆ.

ಸೋಮವಾರದೊಳಗೆ ಯಾವ ಕೆಲಸಕ್ಕೆ ಯಾವ ತಾರೀಕು ಅಂತ ನನಗೆ ಒಂದು ಮೆಸೇಜ್ ಹಾಕಿ. ಫೋನಿನಲ್ಲಿ ಹೇಳುವುದು ಬೇಡ, ಬರೆದೇ ಕಳಿಸಿ.

ಇತಿ,
ವಸಂತಿ
ಕಾರ್ಯದರ್ಶಿ, ನಿವಾಸಿಗಳ ಸಂಘ
ಫ್ಲಾಟ್ 304

ಪ್ರತಿ: ಅಧ್ಯಕ್ಷರಿಗೆ, ಖಜಾಂಚಿಯವರಿಗೆ. ಇನ್ನೊಂದು ಪ್ರತಿ ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ.