ಕಪ್ ಭದ್ರಾವತಿಗೆ ಬಂತು ಕಣ್ರಪ್ಪಾ!

ಎಲ್ಲರಿಗೂ ನಮಸ್ಕಾರ. ಗೆದ್ವಿ. ಒಂದೇ ಒಂದು ರನ್ನಿನಿಂದ, ಆದ್ರೂ ಗೆದ್ವಿ!

ಭಾನುವಾರ ಶಿವಮೊಗ್ಗದ ನವುಲೆಯ ಕೆಎಸ್‌ಸಿಎ ಮೈದಾನದಲ್ಲಿ ನಡೆದ ಜಿಲ್ಲಾ ಮಟ್ಟದ ಅಂತರ ಕಾಲೇಜು ಟೂರ್ನಿಯ ಫೈನಲ್‌ನಲ್ಲಿ ನಾವು ಹೊಡೆದಿದ್ದು 20 ಓವರಿಗೆ 7 ವಿಕೆಟ್‌ಗೆ 138. ಸಾಗರದ ಹುಡುಗರು 137ಕ್ಕೆ ನಿಂತರು. ಅವರಿಗೆ ಮೊದಲು ಒಂದು ಸಲಾಂ. ಅಷ್ಟು ಚೆನ್ನಾಗಿ ಆಡಿದ ತಂಡವನ್ನು ಸೋಲಿಸಿದ್ದಕ್ಕೇ ಈ ಕಪ್ಪಿಗೆ ಇಷ್ಟು ತೂಕ.

ಕೊನೆ ಓವರಿನ ಕಥೆ ಬರಲಾಗದವರಿಗಾಗಿ. (ಬಂದವರು ಇದನ್ನು ಈಗಾಗಲೇ ಊರೆಲ್ಲ ಹೇಳಿಕೊಂಡು ತಿರುಗ್ತಿದ್ದಾರೆ.) ಅವರಿಗೆ 9 ರನ್ ಬೇಕು, ಕೈಯಲ್ಲಿ ಮೂರು ವಿಕೆಟ್. ನಮ್ಮ ಇಬ್ಬರು ವೇಗಿಗಳ ಕೋಟಾ ಮುಗಿದಿತ್ತು. ಕ್ಯಾಪ್ಟನ್ ಚೆಂಡು ಕೊಟ್ಟಿದ್ದು ಸೆಕೆಂಡ್ ಬಿಕಾಂನ ಎಡಗೈ ಸ್ಪಿನ್ನರ್ ಕೈಗೆ. ಮೊದಲ ಎಸೆತಕ್ಕೆ ಒಂದು, ಎರಡನೆಯದಕ್ಕೆ ಫೋರ್. ಸ್ಟ್ಯಾಂಡಿನಲ್ಲಿದ್ದ ತಮಟೆ ಅಲ್ಲಿಗೇ ನಿಂತುಹೋಯ್ತು. ಮೂರನೆಯದು ಡಾಟ್. ನಾಲ್ಕನೆಯದನ್ನು ಎತ್ತಿ ಹೊಡೆದರು, ಲಾಂಗ್ ಆನ್‌ನಲ್ಲಿ ಕ್ಯಾಚ್. ಐದನೆಯದಕ್ಕೆ ಒಂದು. ಕೊನೆ ಎಸೆತಕ್ಕೆ ಮೂರು ಬೇಕು, ಎರಡು ಬಂದರೆ ಟೈ. ಚೆಂಡು ಡೀಪ್ ಮಿಡ್‌ವಿಕೆಟ್ ಕಡೆ ಹೋಯ್ತು, ಅವರು ಎರಡನೇ ರನ್ನಿಗೆ ತಿರುಗಿದರು, ಥ್ರೋ ನೇರ ಕೀಪರ್ ಗ್ಲೌಸಿಗೆ, ಬೇಲ್ಸ್ ಹಾರಿದವು. ಆಮೇಲೆ ಏನಾಯ್ತು ಅಂತ ನಮಗೇ ಸರಿಯಾಗಿ ನೆನಪಿಲ್ಲ!

ಈ ಒಂದು ರನ್ನಿಗೆ ಇನ್ನೊಬ್ಬರೂ ಕಾರಣ. ನಮ್ಮ ಇನಿಂಗ್ಸ್‌ನ ಹನ್ನೆರಡನೇ ಓವರಿನಲ್ಲಿ ಬಂದ ಲೆಗ್‌ಬೈ ಬೋರ್ಡಿಗೆ ಏರಿರಲಿಲ್ಲ. ನಮಗೆ ಸ್ಕೋರ್ ಬರೆಯುವ ಫೈನಲ್ ಬಿಎಸ್ಸಿ ಅಕ್ಕ ಬಿಡಲಿಲ್ಲ. ಎದುರು ತಂಡದ ಸ್ಕೋರರ್ ಪಕ್ಕ ಕೂತು ಎರಡೂ ಪುಸ್ತಕ ತಾಳೆ ನೋಡಿ, ಇನಿಂಗ್ಸ್ ಮುಗಿಯೋದ್ರೊಳಗೆ ಸರಿ ಮಾಡಿಸಿದ್ರು. ಅಕ್ಕಾ, ಕಪ್ಪಿನ ಒಂದು ಹಿಡಿ ನಿಮ್ಮದು.

ಓಪನರ್ ಬಗ್ಗೆ ಹೇಳಲೇಬೇಕು. ಸೆಮಿಫೈನಲ್‌ನಲ್ಲಿ ಸೊನ್ನೆಗೆ ಔಟಾಗಿ ಬಂದು ಪ್ಯಾಡ್ ಕೂಡ ಬಿಚ್ಚದೆ ಮೂಲೆಯಲ್ಲಿ ಕೂತಿದ್ದ. ನಮ್ಮ ಪಿಡಿ ಸರ್ ಹತ್ತಿರ ಹೋಗಿ, "ಲೋ, ನಮ್ಮೂರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಮೊದಲ ಟೆಸ್ಟ್ ಆಡಿದಾಗ ಫಸ್ಟ್ ಇನಿಂಗ್ಸ್‌ನಲ್ಲಿ ಎಷ್ಟು ಹೊಡೆದ್ರು ಗೊತ್ತಾ? ಸೊನ್ನೆ. ಸೆಕೆಂಡ್ ಇನಿಂಗ್ಸ್‌ನಲ್ಲಿ 137. ಏಳು, ಊಟ ಮಾಡು" ಅಂದ್ರು. ಫೈನಲ್‌ನಲ್ಲಿ ಅವನು ಹೊಡೆದಿದ್ದು 54. ಇನ್ನೂ 83 ಬಾಕಿ ಇದೆ ಅಂತ ಸರ್ ಬಸ್ಸಲ್ಲಿ ವಾಪಸ್ ಬರೋವಾಗಲೂ ಕಾಡ್ತಿದ್ರು.

ಈಗ ಥ್ಯಾಂಕ್ಸ್. ಬಿ.ಎಚ್. ರಸ್ತೆಯುದ್ದಕ್ಕೂ ಬೈಕಿನಲ್ಲಿ, ಬಸ್ಸಿನಲ್ಲಿ ನವುಲೆಗೆ ಬಂದ ಜೂನಿಯರ್ಸ್‌ಗೆ. ತಮಟೆ ತಂದ ಹೊಸಮನೆ ಹುಡುಗರಿಗೆ. (ಮುಂದಿನ ಸಲ ವಿಕೆಟ್ ಬಿದ್ದಾಗಲೂ ನಿಲ್ಲಿಸಬೇಡಿ, ಆಗಲೇ ಜಾಸ್ತಿ ಬೇಕಾಗೋದು.) ಬೆಳಗ್ಗೆ ಐದೂವರೆಗೆ ಪ್ರಾಕ್ಟೀಸಿಗೆ ಹೊರಡೋ ಮಕ್ಕಳಿಗೆ ಬೈದುಕೊಂಡೇ ಡಬ್ಬಿ ಕಟ್ಟಿಕೊಟ್ಟ ಅಮ್ಮಂದಿರಿಗೆ. ಮ್ಯಾಟ್ ಹಾಸಿ, ಮೊಳೆ ಹೊಡೆದು, ಸಂಜೆ ಮತ್ತೆ ಸುತ್ತಿಟ್ಟು, ಒಂದು ದಿನವೂ ಬೇಸರ ತೋರಿಸದ ನಮ್ಮ ಗ್ರೌಂಡ್ಸ್‌ಮನ್ ಅಣ್ಣನಿಗೆ. ದುಡ್ಡು ಕೊಡೋಣ ಅಂದ್ರೆ "ಕಪ್ ತಂದ್ಮೇಲೆ ನೋಡೋಣ" ಅಂದ ಕ್ಯಾಂಟೀನ್ ಅಣ್ಣನಿಗೆ. ಅಣ್ಣಾ, ಕಪ್ ತಂದಿದ್ದೀವಿ, ಲೆಕ್ಕ ಸ್ವಲ್ಪ ನಿಧಾನಕ್ಕೆ ಹೇಳಿ.

ನ್ಯೂ ಟೌನ್‌ನಿಂದ ಬಂದಿದ್ದ ಹಿರಿಯರು, ಕಾರ್ಖಾನೆಯಿಂದ ರಿಟೈರ್ ಆದವರು, ಇಡೀ ದಿನ ಬಿಸಿಲಲ್ಲಿ ಕೂತಿದ್ರು. ನಮ್ಮಲ್ಲಿ ಎಷ್ಟೋ ಜನರಿಗೆ ನಿಮ್ಮ ಪರಿಚಯವೂ ಇಲ್ಲ. ಫೀಲ್ಡ್ ಬದಲಾದಾಗೆಲ್ಲ ಬೌಂಡರಿ ಹಗ್ಗದಾಚೆಯಿಂದ "ಇನ್ನೊಂದಡಿ ಹಿಂದೆ ಹೋಗೋ ಮರಿ" ಅಂತ ಕೂಗ್ತಿದ್ದವರು ನೀವೇ ತಾನೆ? ಲಾಂಗ್ ಆನ್ ಕ್ಯಾಚ್ ಹಿಡಿದವನು ಆ ಒಂದಡಿ ಹಿಂದೆ ಹೋಗಿದ್ದಕ್ಕೇ ಸಿಕ್ಕಿತು ಅಂತಾನೆ.

ಆರ್‌ಸಿಬಿಗೆ 2025ರವರೆಗೂ "ಈ ಸಲ ಕಪ್ ನಮ್ದೇ" ಅಂತ ಕೂಗಿ ಗಂಟಲು ಪಳಗಿದ ಊರಿದು. ಆ ಗಂಟಲು ನಮಗೂ ಸಿಕ್ತು, ನಮ್ಮ ಪುಣ್ಯ.

ಕಪ್ಪನ್ನು ಬುಧವಾರದಿಂದ ಶನಿವಾರದವರೆಗೆ ಕಾಲೇಜು ಲೈಬ್ರರಿ ಮುಂದೆ ಇಡ್ತೀವಿ. ಬನ್ನಿ, ಫೋಟೋ ತಗೊಳ್ಳಿ, ಎತ್ತಿಯೂ ನೋಡಿ, ಆದ್ರೆ ಹಿಡಿ ಸ್ವಲ್ಪ ಅಲ್ಲಾಡುತ್ತೆ, ಎರಡೂ ಕೈಯಲ್ಲಿ ಹಿಡ್ಕೊಳ್ಳಿ. ಶನಿವಾರ ಮಧ್ಯಾಹ್ನ ಎಲ್ಲರಿಗೂ ಕೇಸರಿಬಾತ್, ಖಾರಾಬಾತ್. ಹೊಸ ಹುಡುಗರ ಆಯ್ಕೆ ಮುಂದಿನ ಸೋಮವಾರ ಬೆಳಗ್ಗೆ ಆರಕ್ಕೆ, ಬಿಳಿ ಬಟ್ಟೆ ಇಲ್ಲದಿದ್ರೂ ಪರವಾಗಿಲ್ಲ, ಶೂ ಇರಲಿ.

ಇಂತಿ,
ನಿಮ್ಮ ಕಾಲೇಜಿನ ಕ್ರಿಕೆಟ್ ಹುಡುಗರು, ಭದ್ರಾವತಿ