ಅನಲಾಗ್ ಎಲೆಕ್ಟ್ರಾನಿಕ್ಸ್: ಜೂನ್ 1ರಿಂದ 14ರವರೆಗಿನ ಓದಿನ ಯೋಜನೆ

ಪ್ರಾಕ್ಟಿಕಲ್ ಜೂನ್ 12ಕ್ಕೆ, ಥಿಯರಿ 15ಕ್ಕೆ. ಬೆಳಿಗ್ಗೆ ಕಾಲೇಜಿನ ಲ್ಯಾಬ್, ರಾತ್ರಿ ಎರಡು ತಾಸು ಲೆಕ್ಕ. ಅಂಕೋಲಾ–ಕಾರವಾರ ಬಸ್ಸಿನಲ್ಲಿ ಸೂತ್ರಗಳ ಬಾಯಿಪಾಠ. ಮಳೆ ಹಿಡಿದ ಮೇಲೆ ರಾತ್ರಿಯ ಕರೆಂಟನ್ನು ನಂಬಬೇಡ, ಟಾರ್ಚ್ ಚಾರ್ಜ್ ಮಾಡಿಟ್ಟುಕೋ. ಸಪ್ಲೈ ಆನ್ ಮಾಡುವ ಮೊದಲು ಪ್ರತಿ ಪಾಯಿಂಟಿನ ವೋಲ್ಟೇಜ್ ಲೆಕ್ಕ ಹಾಕಿ ಬರೆದಿರಬೇಕು.

1–2: ರೆಕ್ಟಿಫೈಯರ್, ಝೀನರ್
12 ವೋಲ್ಟ್ ಸೆಕೆಂಡರಿಗೆ ಪೀಕ್ ಸುಮಾರು 17. ಬ್ರಿಜ್‌ನ ಎರಡು ಡಯೋಡ್ 1.4 ತಿಂದರೆ 15.6 ಉಳಿಯುತ್ತದೆ. ರಿಪಲ್ ಫ್ಯಾಕ್ಟರ್ ಹಾಫ್ ವೇವ್‌ಗೆ 1.21, ಫುಲ್ ವೇವ್‌ಗೆ 0.48. ಬ್ರಿಜ್‌ನ ಇನ್‌ಪುಟ್, ಔಟ್‌ಪುಟ್ ಎರಡನ್ನೂ ಒಟ್ಟಿಗೆ ಸಿಆರ್‌ಒದಲ್ಲಿ ನೋಡಲು ಹೋಗಬೇಡ. ಎರಡೂ ಪ್ರೋಬ್‌ಗಳ ಗ್ರೌಂಡ್ ಒಳಗೆ ಒಂದೇ. ಒಂದು ಡಯೋಡ್ ಶಾರ್ಟ್ ಆಗಿ ಇನ್ನೊಂದು ಸುಡುತ್ತದೆ.

3–6: ಸಿಇ ಆಂಪ್ಲಿಫೈಯರ್
ಹೆಚ್ಚು ದಿನ ಇದಕ್ಕೇ, ಏಕೆಂದರೆ ಥಿಯರಿಯ ಬಯಾಸಿಂಗ್ ಲೆಕ್ಕವೂ ಇದೇ. BC547, ಸಪ್ಲೈ 12 ವೋಲ್ಟ್, R1 47 ಕಿಲೊಓಮ್, R2 10 ಕಿಲೊಓಮ್, RC 2.2 ಕಿಲೊಓಮ್, RE 560 ಓಮ್. ಬೇಸ್ 2.1, ಎಮಿಟರ್ 1.4, ಕಲೆಕ್ಟರ್ 6.5 ವೋಲ್ಟಿನ ಆಸುಪಾಸು ಬರಬೇಕು. ಕಲೆಕ್ಟರ್‌ನಲ್ಲಿ 12 ಕಂಡರೆ ಟ್ರಾನ್ಸಿಸ್ಟರ್ ಆಫ್: ಬೇಸ್ ವೈರ್ ಬಿಟ್ಟಿರುತ್ತದೆ ಅಥವಾ ಕಾಲು ತಿರುವುಮುರುವು (ಚಪ್ಪಟೆ ಮುಖ ನಿನ್ನ ಕಡೆ ಇದ್ದರೆ ಎಡದಿಂದ C, B, E). ಸಿಗ್ನಲ್ 10 ಮಿಲಿವೋಲ್ಟ್ ಪೀಕ್ ದಾಟಿಸಬೇಡ. ಗೇನ್ 200ರ ಹತ್ತಿರವಿದೆ, ಹೆಚ್ಚಿಸಿದರೆ ವೇವ್ ವಿರೂಪವಾಗಿ ಕೊನೆಗೆ ತುದಿ ಕತ್ತರಿಸುತ್ತದೆ. ಬೈಪಾಸ್ ಕೆಪಾಸಿಟರ್ ಕಿತ್ತರೆ ಗೇನ್ 4ಕ್ಕೆ ಇಳಿಯುತ್ತದೆ. ವೈವಾದಲ್ಲಿ ಕೇಳಲು ಇದಕ್ಕಿಂತ ಸುಲಭದ ಪ್ರಶ್ನೆ ಎಗ್ಸಾಮಿನರ್‌ಗೆ ಸಿಗುವುದಿಲ್ಲ.

ಕಡಲ ಗಾಳಿಗೆ ರೆಸಿಸ್ಟರ್ ಕಾಲುಗಳು ಕಪ್ಪಾಗಿ ಬ್ರೆಡ್‌ಬೋರ್ಡಿನಲ್ಲಿ ಕಾಂಟ್ಯಾಕ್ಟ್ ಕೊಡುವುದಿಲ್ಲ. ಬ್ಲೇಡಿನಲ್ಲಿ ಕೆರೆದು ಹಾಕು.

7, ಭಾನುವಾರ: ಎಫ್‌ಇಟಿ, ಪವರ್ ಆಂಪ್ಲಿಫೈಯರ್. ಓದಿದರೆ ಸಾಕು.

8–9: ಆಪ್‌ಆಂಪ್ 741
ಪಿನ್ 7ಕ್ಕೆ +12, 4ಕ್ಕೆ −12. ಡ್ಯುಯಲ್ ಸಪ್ಲೈಯ ನಡುವಿನ ಕಾಮನ್ ಅನ್ನು ಸರ್ಕ್ಯೂಟಿನ ಗ್ರೌಂಡಿಗೆ ಸೇರಿಸಲು ಮರೆಯುವವರೇ ಹೆಚ್ಚು. ಔಟ್‌ಪುಟ್ ಒಂದು ತುದಿಗೆ ಅಂಟಿಕೊಂಡಿದ್ದರೆ ಮೊದಲು ಅಲ್ಲಿ ನೋಡು. 1 ಕಿಲೊಓಮ್, 10 ಕಿಲೊಓಮ್ ಹಾಕಿದರೆ ಇನ್ವರ್ಟಿಂಗ್ ಗೇನ್ −10. ಫ್ರೀಕ್ವೆನ್ಸಿ 1 ಕಿಲೊಹರ್ಟ್ಸ್ ಇರಲಿ. ಸ್ಲ್ಯೂ ರೇಟ್ ಮೈಕ್ರೊಸೆಕೆಂಡಿಗೆ 0.5 ವೋಲ್ಟ್ ಮಾತ್ರ, ಮೇಲೆ ಹೋದರೆ ಸೈನ್ ವೇವ್ ತ್ರಿಕೋನವಾಗುತ್ತದೆ.

10: ಆಸಿಲೇಟರ್, 555
10 ಕಿಲೊಓಮ್, 0.01 ಮೈಕ್ರೊಫ್ಯಾರಡ್‌ಗೆ ವೀನ್ ಬ್ರಿಜ್ ಸುಮಾರು 1.6 ಕಿಲೊಹರ್ಟ್ಸ್, ಗೇನ್ 3. ಆರ್‌ಸಿ ಫೇಸ್ ಶಿಫ್ಟ್ 650 ಹರ್ಟ್ಸ್, ಗೇನ್ 29. 555ಕ್ಕೆ f = 1.44/((RA+2RB)C).

11: ಚೀಟಿ ಎತ್ತಿ ಎರಡು ಪ್ರಯೋಗ, ಗಡಿಯಾರ ಇಟ್ಟುಕೊಂಡು. ಮೊದಲ ಅರ್ಧ ತಾಸಿನಲ್ಲಿ ಚಿತ್ರ, ಡಿಸೈನ್, ಟ್ಯಾಬುಲರ್ ಕಾಲಂ ಮುಗಿಯಬೇಕು. ಡಿಸಿ ಅಳೆಯುವಾಗ ಸಿಆರ್‌ಒ ಡಿಸಿ ಕಪ್ಲಿಂಗ್‌ನಲ್ಲಿದೆಯೇ ನೋಡು.

13–14: ಹಳೆಯ ಪ್ರಶ್ನೆಪತ್ರಿಕೆ ಮೂರು, ಪೂರ್ತಿ ಬರೆದು. h-ಪ್ಯಾರಾಮೀಟರ್ ಡೆರಿವೇಶನ್ ಕೊನೆಗಿರಲಿ. ಸಮಯ ಸಾಲದಿದ್ದರೆ ಬಿಟ್ಟುಬಿಡು, ಬಯಾಸಿಂಗ್ ಲೆಕ್ಕ ಮಾತ್ರ ಬಿಡಬೇಡ.